17 ಜನ, ಒಂದು ನಾಲಿಗೆ

ಹುಡುಗಿ ನೋಡೋಕೆ ಹೋದರೆ ಹಾಲ್ ತುಂಬ ಜನ. ಎಣಿಸಿದೆ, 17. ಇವರಲ್ಲಿ ಹುಡುಗಿ ಯಾರು ಅಂತ ಕೇಳೋ ಧೈರ್ಯ ಬರಲಿಲ್ಲ.

"ಏನ್ ಕೆಲಸ ಮಾಡ್ತೀರಪ್ಪಾ?" ಅಂದರು ಅವಳ ದೊಡ್ಡಪ್ಪ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಉತ್ತರ. ಹೊರಬಂದದ್ದು, "ಹೌದು."

"ಸಂಬಳ?"

"ಚೆನ್ನಾಗಿದ್ದಾರೆ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಹುಡುಗ ಸ್ಪಷ್ಟವಾಗಿ ಮಾತಾಡ್ತಾನೆ" ಅಂತ ಮೆಚ್ಚಿದ್ದು ಅಜ್ಜಿಯೊಬ್ಬರೇ. ಅವರಿಗೆ ಕಿವಿ ಕೇಳಿಸದು. ನನ್ನ ಕೈಲಿದ್ದ ಲೋಟ ತಟ್ಟೆ ಮೇಲೆ ಟಕಟಕ ಅಂತ ನನಗಿಂತ ಜಾಸ್ತಿ ಮಾತಾಡ್ತಿತ್ತು.

"ಅಂಕಲ್, ನಿಮ್ಮ ಸಾಕ್ಸ್ ಬೇರೆ ಬೇರೆ!" ಅಂತ ಕೂಗಿತು ಒಂದು ಪುಟಾಣಿ. ಎಲ್ಲರ ಕಣ್ಣೂ ನನ್ನ ಪಾದಕ್ಕಿಳಿಯಿತು. ಬಾಗಿಲ ಮರೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿದ್ದಳು ಹುಡುಗಿ!

"ಹುಡುಗಿ ಹೇಗನಿಸ್ತು?" ಕೇಳಿದರು ಅವರಪ್ಪ.

ಉಗುಳು ನುಂಗಿ ಗಟ್ಟಿಯಾಗಿ ಹೇಳಿದೆ: "18."