ಅಂಗಡಿ ನಿಂತರೆ ಎಷ್ಟು ಹೊತ್ತು, ಡೇಟಾ ಹೋದರೆ ಎಷ್ಟರವರೆಗೆ: ನಮ್ಮ ಆರ್‌ಟಿಒ ಮತ್ತು ಆರ್‌ಪಿಒ

ಇದು ನಮ್ಮ ಆನ್‌ಲೈನ್ ಅಂಗಡಿಯ ತುರ್ತು ಯೋಜನೆಯ ಮೂರನೇ ಭಾಗ. ನಾಲ್ಕೂ ಜನ ಓದಿರಬೇಕು. ಒಂದು ಪ್ರತಿ ಪ್ರಿಂಟ್ ಆಗಿ ಪ್ಯಾಕಿಂಗ್ ಮೇಜಿನ ಡ್ರಾಯರ್‌ನಲ್ಲಿ ಇರುತ್ತದೆ. ಸರ್ವರ್ ಬಿದ್ದಾಗ ಈ ಫೈಲನ್ನು ಅದೇ ಸರ್ವರ್‌ನಲ್ಲಿ ಹುಡುಕಲು ಆಗುವುದಿಲ್ಲ, ಅಲ್ವಾ?

ಆರ್‌ಟಿಒ ಅಂದರೆ ಅಂಗಡಿ ನಿಂತ ಮೇಲೆ ಗರಿಷ್ಠ ಎಷ್ಟು ಹೊತ್ತಿನೊಳಗೆ ಮತ್ತೆ ತೆರೆಯಬೇಕು ಎಂಬ ಗುರಿ. ಆರ್‌ಪಿಒ ಅಂದರೆ ನಿಂತ ಕ್ಷಣದಿಂದ ಹಿಂದಕ್ಕೆ ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು ಎಂಬ ಮಿತಿ. ಗಡಿಯಾರ ಶುರುವಾಗುವುದು ಅಂಗಡಿ ನಿಂತಾಗ, ನಮಗೆ ಗೊತ್ತಾದಾಗ ಅಲ್ಲ.

ಆರ್ಡರ್, ಪಾವತಿ, ಸ್ಟಾಕ್

ಆರ್‌ಟಿಒ 4 ಗಂಟೆ. ಆರ್‌ಪಿಒ 15 ನಿಮಿಷ.

ಎರಡನೇ ಅಂಕಿಯನ್ನು ಬೇಕೆಂದೇ ಬಿಗಿ ಮಾಡಿದ್ದೇವೆ. ಅಂಗಡಿ ಮುಚ್ಚಿದ್ದರೆ ಗಿರಾಕಿ ಸಂಜೆ ಮತ್ತೆ ಬರಬಹುದು. ದುಡ್ಡು ಕಟ್ಟಿದ ಮೇಲೆ ಆರ್ಡರೇ ಇಲ್ಲ ಅಂದರೆ ಅವರು ಮತ್ತೆ ನಮ್ಮನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ದಿನಾ ರಾತ್ರಿ 2ಕ್ಕೆ ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ ಆಗುತ್ತದೆ. ಅದೊಂದೇ ಇದ್ದರೆ ರಾತ್ರಿ 1 ಗಂಟೆಗೆ ಸರ್ವರ್ ಹೋದರೆ 23 ಗಂಟೆಯ ಆರ್ಡರ್ ಹೋಗುತ್ತದೆ. ಅದಕ್ಕೇ ಡೇಟಾಬೇಸ್‌ನ ಪ್ರತಿ ಬದಲಾವಣೆ ದಾಖಲಾಗುವ PostgreSQL WAL ಲಾಗ್‌ಗಳು ಬೇರೆ ಕಂಪನಿಯ ಸ್ಟೋರೇಜ್‌ಗೆ ಹೋಗುತ್ತಲೇ ಇರಬೇಕು:

```
archive_mode = on
archive_timeout = 300
```

ಇವೆರಡರ ಜೊತೆ, ಲಾಗನ್ನು ಆ ಸ್ಟೋರೇಜ್‌ಗೆ ಕಳಿಸುವ ಆಜ್ಞೆ archive_command ನಲ್ಲಿ ಇರಲೇಬೇಕು, ಇಲ್ಲದಿದ್ದರೆ ಏನೂ ಹೋಗುವುದಿಲ್ಲ. 300 ಅಂದರೆ 300 ಸೆಕೆಂಡ್: ಲಾಗ್ ಫೈಲ್ ತುಂಬದಿದ್ದರೂ 5 ನಿಮಿಷಕ್ಕೊಮ್ಮೆ ಅದನ್ನು ಕಳಿಸಬೇಕು. ಅಪ್‌ಲೋಡ್ ತಡವಾಗಬಹುದು ಅಂತ 15 ನಿಮಿಷ ಇಟ್ಟುಕೊಂಡಿದ್ದೇವೆ. ಆ ಸ್ಟೋರೇಜ್‌ನ ಹಳೆಯ ಫೈಲುಗಳನ್ನು ಅಳಿಸುವ ಅನುಮತಿ ಸರ್ವರ್‌ಗೆ ಇಲ್ಲ. ಸರ್ವರ್‌ಗೆ ನುಗ್ಗಿದವರು ಬ್ಯಾಕಪ್ಪನ್ನೂ ಅಳಿಸಿಬಿಟ್ಟರೆ ಈ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

4 ಗಂಟೆಯನ್ನು ಹೀಗೆ ಹಂಚಿದ್ದೇವೆ: ಗೊತ್ತಾಗಲು 15 ನಿಮಿಷ, ತೀರ್ಮಾನಕ್ಕೆ 30 ನಿಮಿಷ, ಹೊಸ ಸರ್ವರ್‌ನಲ್ಲಿ ರಿಸ್ಟೋರ್‌ಗೆ 2 ಗಂಟೆ, ಪರೀಕ್ಷೆಗೆ 45 ನಿಮಿಷ. ಉಳಿದ ಅರ್ಧ ಗಂಟೆ ಎಡವಟ್ಟಿಗೆ. ಹೆಚ್ಚು ಹೊತ್ತು ಸೋರಿಹೋಗುವುದು ತೀರ್ಮಾನದ ಹಂತದಲ್ಲೇ. "ಇನ್ನೊಂದು ಹತ್ತು ನಿಮಿಷ ನೋಡೋಣ" ಅನ್ನುತ್ತಾ ಒಂದು ಗಂಟೆ ಹೋಗಿಬಿಡುತ್ತದೆ. 30 ನಿಮಿಷದಲ್ಲಿ ಸರಿಯಾಗದಿದ್ದರೆ ಕಾರಣ ಹುಡುಕುವುದನ್ನು ಬಿಟ್ಟು ರಿಸ್ಟೋರ್ ಶುರು ಮಾಡಬೇಕು. ಮಾಲೀಕರು ಫೋನಿಗೆ ಸಿಗದಿದ್ದರೆ ಸರ್ವರ್ ನೋಡಿಕೊಳ್ಳುವವರೇ ತೀರ್ಮಾನಿಸಬಹುದು. ಆಮೇಲೆ ಯಾರೂ ಅವರನ್ನು ಪ್ರಶ್ನಿಸುವುದಿಲ್ಲ.

ಡಿಎನ್‌ಎಸ್‌ನ ಟಿಟಿಎಲ್, ಅಂದರೆ ನಮ್ಮ ಸರ್ವರ್‌ನ ವಿಳಾಸವನ್ನು ಇಂಟರ್ನೆಟ್ ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಎಂಬ ಅವಧಿ, ಯಾವಾಗಲೂ 300 ಸೆಕೆಂಡ್ ಇರಲಿ. ಅದು ಒಂದು ದಿನ ಅಂತಿದ್ದರೆ ಹೊಸ ಸರ್ವರ್ ಸಿದ್ಧವಾದರೂ ಎಷ್ಟೋ ಗಿರಾಕಿಗಳು ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತಾರೆ.

ಬಾಗಿಲು ತೆರೆಯುವ ಮುಂಚೆ

ರಿಸ್ಟೋರ್ ಆದ ಡೇಟಾಬೇಸ್‌ನಲ್ಲಿ ಮೊದಲು ಇವೆರಡನ್ನು ಓಡಿಸಿ:

```
SELECT max(created_at) FROM orders;
SELECT setval('orders_id_seq', (SELECT max(id) FROM orders) + 1000);
```

ಮೊದಲನೆಯದು ಕೊನೆಯ ಆರ್ಡರ್ ಯಾವಾಗಿನದು ಅಂತ ಹೇಳುತ್ತದೆ. ಎರಡನೆಯದು ಮುಂದಿನ ಆರ್ಡರ್ ನಂಬರನ್ನು 1000 ಮುಂದಕ್ಕೆ ತಳ್ಳುತ್ತದೆ, ಅದನ್ನು ಮರೆಯಲೇಬೇಡಿ. ಡೇಟಾ ಹಿಂದಕ್ಕೆ ಹೋದಾಗ ಆರ್ಡರ್ ನಂಬರೂ ಹಿಂದಕ್ಕೆ ಹೋಗಿರುತ್ತದೆ. ಹಾಗೇ ತೆರೆದರೆ ಕಳೆದುಹೋದ ಆರ್ಡರಿನ ನಂಬರೇ ಹೊಸ ಗಿರಾಕಿಗೂ ಸಿಗುತ್ತದೆ. ಒಂದೇ ನಂಬರಿನ ಮೇಲೆ ಇಬ್ಬರ ದುಡ್ಡು!

ಆಮೇಲೆ ಹೊಂದಾಣಿಕೆ. ಕೊನೆಯ ಆರ್ಡರ್ ಸಂಜೆ 7:35ರದ್ದು, ಸರ್ವರ್ ನಿಂತದ್ದು 7:46ಕ್ಕೆ ಅಂದುಕೊಳ್ಳಿ. ಪೇಮೆಂಟ್ ಗೇಟ್‌ವೇಯಿಂದ 7:20ರ ಮೇಲಿನ ಎಲ್ಲ ಪಾವತಿಗಳನ್ನು ಇಳಿಸಿಕೊಂಡು ಆರ್ಡರ್ ನಂಬರಿನ ಜೊತೆ ತಾಳೆ ನೋಡಿ. 7:42ಕ್ಕೆ ಕಟ್ಟಿದವರ ದುಡ್ಡು ಅಲ್ಲಿ ಕಾಣುತ್ತದೆ, ಆದರೆ ಅವರು ಏನು ಕೊಂಡರು ಅಂತ ಕಾಣುವುದಿಲ್ಲ. ಅದಕ್ಕಾಗಿಯೇ ಪ್ರತಿ ಆರ್ಡರಿನ ಖಚಿತಪಡಿಸುವ ಇಮೇಲ್‌ನ ಪ್ರತಿ ನಮ್ಮ ಬೇರೆ ಮೇಲ್‌ಬಾಕ್ಸಿಗೂ ಹೋಗುತ್ತದೆ. ಅದನ್ನು ನೋಡಿ ಆರ್ಡರನ್ನು ಮತ್ತೆ ಸೇರಿಸಿ. ಇಮೇಲೂ ಸಿಗದಿದ್ದರೆ ಗಿರಾಕಿಗಳ ಫೋನ್ ನೋಡಿಕೊಳ್ಳುವವರು ಅದೇ ದಿನ ಕರೆ ಮಾಡಿ ಕೇಳಬೇಕು. ಬೇಡ ಅಂದರೆ ಆಗಲೇ ದುಡ್ಡು ವಾಪಸ್.

ಉಳಿದವು

ಗಿರಾಕಿಗಳ ಫೋನ್ ಮತ್ತು ಇಮೇಲ್‌ಗೆ ಆರ್‌ಟಿಒ 1 ಗಂಟೆ. ಅಂಗಡಿ ಮುಚ್ಚಿರುವಾಗಲೇ ಜನ ಜಾಸ್ತಿ ಕರೆ ಮಾಡುತ್ತಾರೆ. ಸರಕಿನ ಫೋಟೋ, ವಿವರಣೆಗೆ ಎರಡೂ 24 ಗಂಟೆ. ಫೋಟೋ ಇಲ್ಲದಿದ್ದರೂ ಅಂಗಡಿ ತೆರೆಯಿರಿ. ಲೆಕ್ಕಪತ್ರಕ್ಕೆ ಆರ್‌ಟಿಒ 3 ದಿನ, ಆರ್‌ಪಿಒ 1 ದಿನ.

ಪರೀಕ್ಷೆ

ಮೂರು ತಿಂಗಳಿಗೊಮ್ಮೆ ಖಾಲಿ ಸರ್ವರ್‌ನಲ್ಲಿ ಪೂರ್ತಿ ರಿಸ್ಟೋರ್ ಮಾಡಿ ಸಮಯ ಬರೆದಿಡಬೇಕು. ಬ್ಯಾಕಪ್ ಯಶಸ್ವಿ ಎಂಬ ಸಂದೇಶ ಸಾಕಾಗುವುದಿಲ್ಲ. ಎರಡು ಸಲಕ್ಕೆ ಒಮ್ಮೆ ಈ ಕೆಲಸವನ್ನು ಸರ್ವರ್ ನೋಡಿಕೊಳ್ಳುವವರನ್ನು ಬಿಟ್ಟು ಬೇರೆಯವರು ಈ ಹಾಳೆ ನೋಡಿಕೊಂಡೇ ಮಾಡಬೇಕು. 4 ಗಂಟೆ ಮೀರಿದರೆ ಮುಂದಿನ ವಾರದೊಳಗೆ ವಿಧಾನ ಬದಲಿಸಬೇಕು. ಅದು ಆಗದಿದ್ದರೆ ನಿಜವಾಗಿ ಹಿಡಿದ ಸಮಯವನ್ನೇ ಆರ್‌ಟಿಒ ಅಂತ ಇಲ್ಲಿ ತಿದ್ದಿ, ಮಾಲೀಕರ ಸಹಿ ಹಾಕಿಸಬೇಕು.