ಕಬಡ್ಡಿ ಹಾಫ್ ಟೈಮ್, 11–19: ಸಕಲೇಶಪುರದ ಹುಡುಗರಿಗೆ ಪಿ.ಟಿ. ಮೇಷ್ಟ್ರ ಐದು ನಿಮಿಷ

ಬನ್ರೋ, ಎಲ್ಲ ಹತ್ರ ಬನ್ನಿ. ಕೂತ್ಕೋಬೇಡಿ, ಮೈ ತಣ್ಣಗಾಗುತ್ತೆ. ನಿಂತ್ಕೊಂಡೇ ಕೇಳಿ. ನೀರು ಎರಡು ಗುಟುಕು ಸಾಕು. ಲೋಕೇಶ, ಬಾಟ್ಲಿ ಪೂರ್ತಿ ಎತ್ತಬೇಡ, ಹೊಟ್ಟೇಲಿ ನೀರು ಕುಲುಕ್ತಾ ಇದ್ರೆ ಉಸಿರು ನಿಲ್ಲಲ್ಲ. ಉಳಿದಿದ್ದನ್ನ ಅಂಗಾಲಿಗೆ ಹುಯ್ದು ಕೆಸರು ತೊಳ್ಕೊಂಡು ಟವೆಲಲ್ಲಿ ಒರೆಸ್ಕೊಳ್ಳಿ, ಎಲ್ಲರೂ.

ಬೋರ್ಡು ನೋಡಿ ಮುಖ ಬಾಡಿಸ್ಕೊಂಡಿದ್ದೀರ. ಎಂಟು ಪಾಯಿಂಟು ಹಿಂದಿದ್ದೀವಿ, ನಿಜ. ಆದ್ರೆ ಬೋರ್ಡಲ್ಲಿ ಇಲ್ಲದ್ದನ್ನ ನಾನು ಹೇಳ್ತೀನಿ ಕೇಳಿ. ನಾವೆಲ್ಲ ಔಟಾಗಿ ಲೋನ ಬಿದ್ದಾಗ ಎಷ್ಟಿತ್ತು? 14–3. ಅಲ್ಲಿಂದ ಈಚೆಗೆ ಅವರು 5, ನಾವು 8. ಆಮೇಲಿನ ಆಟ ನಮ್ದೇ. ಅರಸೀಕೆರೆಯವರು ಅಲ್ಲಿ ನಗ್ತಾ ನಿಂತಿದ್ದಾರೆ, ಆದ್ರೆ ಅವರ ಮೇಷ್ಟ್ರು ನಗ್ತಾ ಇಲ್ಲ ನೋಡಿ. ಯಾಕೆ? ಅವರ ಕೋರ್ಟಲ್ಲಿ ಉಳಿದಿರೋದು ಮೂರೇ ಜನ. ಹಾಫ್ ಟೈಮ್ ಆಯ್ತು ಅಂತ ಔಟಾದವರು ಯಾರೂ ಒಳಗೆ ಬರಲ್ಲ. ಎಷ್ಟು ಜನ ಇದ್ರೋ ಅಷ್ಟರಲ್ಲೇ ಶುರು. ನಾವು ಆರು, ಅವರು ಮೂರು.

ಆ ಮೂರು ಜನ ಹೋದ್ರೆ ಮೂರು ಪಾಯಿಂಟು, ಮೇಲೆ ಲೋನದ್ದು ಎರಡು. 16–19 ಆಗುತ್ತೆ. ಮೊದಲ ನಾಲ್ಕು ನಿಮಿಷದಲ್ಲಿ ನಮಗೆ ಬೇಕಾಗಿರೋದು ಇಷ್ಟೇ. ಗೆಲ್ಲೋದು ಸೋಲೋದು ಈಗ ತಲೇಲಿ ಬೇಡ. ಮೈಸೂರು ವಿಭಾಗ ಮಟ್ಟಕ್ಕೆ ಹೋಗೋ ಮಾತು ಬಸ್ಸಲ್ಲಿ ಆಡ್ಕೊಳ್ಳೋಣ.

ಈಗ ಸರಿಯಾಗಿ ಕೇಳಿ, ಎಲ್ಲರೂ ಎಡವೋದು ಇಲ್ಲೇ. ಮೂರೇ ಜನ ಇದ್ದಾರೆ ಅಂತ ಒಳಗೆ ನುಗ್ಗಿದ್ರೆ ಹಾಳಾಯ್ತು. ಮೂರು ಅಥವಾ ಅದಕ್ಕಿಂತ ಕಮ್ಮಿ ಜನ ಇದ್ದಾಗ ನಮ್ಮ ರೈಡರ್‌ನ ಹಿಡಿದ್ರೆ ಸೂಪರ್ ಟ್ಯಾಕಲ್, ಅವರಿಗೆ ಒಂದಲ್ಲ ಎರಡು ಪಾಯಿಂಟು. ಅವರ ಒಬ್ಬ ಒಳಗೂ ಬರ್ತಾನೆ, ನಮ್ಮವನು ಹೊರಗೂ ಹೋಗ್ತಾನೆ. ಮೂರು ಜನರ ಮೇಲೆ ಬೋನಸ್ಸೂ ಇಲ್ಲ, ಸುಮ್ಮನೆ ಕಾಲು ಚಾಚಬೇಡಿ. ಧನು, ಕೊನೇ ರೈಡಲ್ಲಿ ನೀನು ಸಿಕ್ಕಿದ್ದು ಹಾಗೇ. ಟಚ್ ಮಾಡಿ ಬರೋಕೆ ಹೋಗಿರಲಿಲ್ಲ ನೀನು, ಇಬ್ಬರನ್ನೂ ಎತ್ಕೊಂಡು ಬರೋಕೆ ಹೋಗಿದ್ದೆ. ಬಿಡು, ಮುಗೀತು. ನಮಗೆ ಒಂದು ಟಚ್ಚೋ ಒಂದು ಟ್ಯಾಕಲ್ಲೋ ಬಂದ ತಕ್ಷಣ ನೀನೇ ಒಳಗೆ ಬರೋದು, ಅಲ್ಲೀವರೆಗೆ ಹೊರಗೆ ಕಾಲು ಆಡಿಸ್ತಾ ಇರು.

ಈ ಲೋನ ನಮ್ಮ ರೈಡಿಗಿಂತ ನಮ್ಮ ಡಿಫೆನ್ಸಲ್ಲಿ ಬರುತ್ತೆ. ಅವರು ಮೂರು ಜನ ಇಟ್ಕೊಂಡು ಏನು ಮಾಡ್ತಾರೆ? ಟೈಮ್ ತಿಂತಾರೆ. ಬಂದು, ಬಾಕ್ ಲೈನ್ ದಾಟಿ, 30 ಸೆಕೆಂಡ್ ಕಬಡ್ಡಿ ಕಬಡ್ಡಿ ಅಂತ ಓಡಾಡಿ ವಾಪಸ್. ಹಾಗೆ ಎರಡು ಖಾಲಿ ರೈಡ್ ಮಾಡಲಿ, ಬಿಡಿ. ಯಾರೂ ಮುಂದೆ ಹಾರಬೇಡಿ. ಮೂರನೇದು ಡೂ ಆರ್ ಡೈ, ಈ ಕೂಟದಲ್ಲಿ ಆ ರೂಲ್ ಇದೆ ಅಂತ ಬೆಳಿಗ್ಗೆ ಮೀಟಿಂಗಲ್ಲೇ ಹೇಳಿದ್ದಾರೆ. ಅದರಲ್ಲಿ ಅವನು ಒಳಗೆ ಬರಲೇಬೇಕು, ಬರದೆ ಹೋದ್ರೂ ಔಟೇ. ಚೇತು, ನೀನು ಕ್ಯಾಪ್ಟನ್, ಲೆಕ್ಕ ನಿಂದು. ಒಂದು ಖಾಲಿ ಆದ್ರೆ ಒಂದು ಬೆರಳು, ಎರಡಾದ್ರೆ ಎರಡು ಬೆರಳು ಎತ್ತಿ ತೋರಿಸು. ಎರಡು ಬೆರಳು ಕಂಡ ತಕ್ಷಣ ಎಲ್ಲರೂ ಒಂದು ಹೆಜ್ಜೆ ಹಿಂದೆ, ಅವನಿಗೆ ಜಾಗ ಬಿಡಿ, ಒಳಗೆ ಎಳ್ಕೊಳ್ಳಿ.

ಬರೋನು ಯಾರು? ಒಂಬತ್ತನೇ ನಂಬರಿನವನು. ಅವರ ಏಳನೇ ನಂಬರ್ ಹೊರಗಿದ್ದಾನೆ, ವಾಪಸ್ ಬರೋ ಸಾಲಲ್ಲಿ ಮೂರನೆಯವನು. ಅಂದ್ರೆ ನಾವು ಮೂರು ಔಟ್ ಕೊಟ್ಟಾಗ ಮಾತ್ರ ಅವನು ಬರೋದು. ಬೋನಸ್ ಕೊಟ್ರೆ ಯಾರೂ ವಾಪಸ್ ಬರಲ್ಲ, ಇದನ್ನ ತಲೇಲಿ ಇಟ್ಕೊಳ್ಳಿ. ನಾವು ಆರು ಜನ ಇರೋದ್ರಿಂದ ಒಂಬತ್ತು ಬೋನಸ್‌ಗೇ ಬರ್ತಾನೆ. ಮೊದಲ ಹಾಫಲ್ಲಿ ಐದು ಬೋನಸ್ ತಗೊಂಡ, ಐದೂ ಮಂಜನ ಕಡೇನೇ, ಐದೂ ಬಲಗಾಲಲ್ಲೇ.

ಮಂಜ, ಇಲ್ಲಿ ನೋಡು. ನೀನು ಮಾಡ್ತಾ ಇರೋ ತಪ್ಪು ಒಂದೇ. ಅವನು ಕಾಲು ಎತ್ತೋ ಮುಂಚೇನೇ ಬೀಳ್ತೀಯ. ಆಗ ಅವನ ಭಾರ ಹಿಂದಿನ ಕಾಲ ಮೇಲಿರುತ್ತೆ, ಮುಂದಿನ ಕಾಲು ಹಗುರ, ಸುಲಭವಾಗಿ ಕಿತ್ಕೋತಾನೆ, ನಿನ್ನ ಬೆನ್ನು ಮುಟ್ಕೊಂಡು ಹೋಗ್ತಾನೆ. ಬೋನಸ್ ಸಿಗಬೇಕಾದ್ರೆ ಅವನು ಬಲಗಾಲು ಗೆರೆ ಆಚೆ ಊರಬೇಕು, ಎಡಗಾಲು ಗಾಳೀಲಿರಬೇಕು. ಆ ಗಳಿಗೇಲಿ ಅವನು ಒಂಟಿಕಾಲಲ್ಲಿ ನಿಂತಿರ್ತಾನೆ. ಹೋಗಬೇಕಾದ್ದು ಆಗ. ಗದ್ದೆ ಬದೂಲಿ ಏಡಿ ಹಿಡಿಯೋವಾಗ ಮುಂದಿಂದ ಕೈ ಹಾಕ್ತೀಯಾ? ಇಲ್ಲ ತಾನೆ. ಇಲ್ಲೂ ಅಷ್ಟೇ, ಪಕ್ಕದಿಂದ ಹಿಮ್ಮಡಿ ಹಿಂದಕ್ಕೆ ಕೈ ಹಾಕು. ಎರಡೂ ಕೈ, ಬೆರಳು ಹೆಣೆದು, ಎದೆ ಕಡೆಗೆ ಎಳ್ಕೋ. ತಲೆ ಅವನ ಮೊಣಕಾಲಿನ ನೇರಕ್ಕೆ ಬೇಡ, ಹೊರಗಡೆ ಇರಲಿ, ಇಲ್ಲಾಂದ್ರೆ ಮೂಗು ಒಡ್ಕೋತೀಯ. ಬೋನಸ್ ಹೋದ್ರೂ ಯೋಚನೆ ಮಾಡಬೇಡ. ಅವರಿಗೊಂದು, ನಮಗೊಂದು, ಆದ್ರೆ ಅವನು ಹೊರಗೆ, ಅವರು ಇಬ್ಬರೇ ಉಳೀತಾರೆ. ಈ ವ್ಯಾಪಾರ ನಮಗೇ ಲಾಭ.

ಇನ್ನೊಂದು, ನಿಂತಿರೋ ಜಾಗ. ಬೋನಸ್ ಲೈನಿಂದ ಎಂಡ್ ಲೈನಿಗೆ ಎರಡು ಮೀಟರ್ ಕೂಡ ಇಲ್ಲ. ನಿನ್ನ ಹಿಮ್ಮಡಿ ಎಂಡ್ ಲೈನಿಗೆ ಒಂದು ಹೆಜ್ಜೆ ಒಳಗೇ ಇರಲಿ.

ಕಿರಣ, ಮಂಜ ಹಿಡಿದಾಗ ನೀನು ನೋಡ್ತಾ ನಿಂತಿದ್ದೆ. ಎರಡು ಸಲ. ಕಾರ್ನರ್ ಒಬ್ಬನೇ ಹಿಡಿದ್ರೆ ಒಂದು ಸೆಕೆಂಡ್ ನಿಲ್ಲುತ್ತೆ, ಎರಡನೇ ಸೆಕೆಂಡಿಗೆ ಬಿಡಿಸ್ಕೋತಾನೆ. ಮಂಜನ ಕೈ ನಿನ್ನ ಕೈಯಿಂದ ಬಿಟ್ಟಿತು ಅಂದ್ರೆ ಅದೇ ಸಿಗ್ನಲ್, ಕಣ್ಣಲ್ಲಿ ನೋಡೋಕೆ ಕಾಯಬೇಡ. ಹೋಗಿ ಸೊಂಟಕ್ಕೆ ಹಾಕು. ನಡುಗೆರೆಗೂ ಅವನಿಗೂ ಮಧ್ಯೆ ನಿನ್ನ ಮೈ ಬರಬೇಕು, ಹಿಂದಿಂದ ತಳ್ಳಿದ್ರೆ ನೀನೇ ಅವನನ್ನ ಗೆರೆ ಮುಟ್ಟಿಸಿದ ಹಾಗೆ. ಜೆರ್ಸಿ ಎಳೆಯೋದು, ಕತ್ತು ಹಿಡಿಯೋದು ಯಾರೂ ಮಾಡಬೇಡಿ, ರೆಫ್ರಿ ಅವನನ್ನ ಸೇಫ್ ಅಂತಾರೆ.

ಇರ್ಫಾನ್, ಲಾಬಿ. ಟಚ್ ಆಗೋ ಮುಂಚೆ ಲಾಬಿಗೆ ಕಾಲಿಟ್ಟೆ, ಪುಕ್ಕಟೆ ಒಂದು ಪಾಯಿಂಟ್ ಕೊಟ್ಟೆ. ಲೇಟ್ ಕ್ಯಾಂಟ್ ಯಾರದ್ದು? ಕಿರಣಂದು. ನಡುಗೆರೆ ದಾಟೋಕೆ ಮುಂಚೆ ಬಾಯಿಂದ ಕಬಡ್ಡಿ ಬರಬೇಕು, ರೆಫ್ರಿಗೆ ಕೇಳೋ ಹಾಗೆ ಬರಬೇಕು. ಎರಡೂ ಅವರು ಗೆದ್ದ ಪಾಯಿಂಟಲ್ಲ. ಇನ್ನು ಅಂಥದ್ದು ಒಂದೂ ಬೇಡ.

ಏನೋ ಅದು, ರೆಫ್ರಿ ಅವರ ಕಡೆಯವರಾ? ಆ ಮಾತು ಇಲ್ಲಿಗೇ ಬಿಡು. ಕೇಳೋದಿದ್ರೆ ಚೇತು ಒಬ್ಬನೇ ಹೋಗಿ "ಸಾರ್" ಅಂತ ಕೇಳಲಿ. ಬೇರೆ ಯಾರು ಬಾಯಿ ಬಿಟ್ರೂ ನಾನೇ ಹೊರಗೆ ಕರೆಸ್ತೀನಿ.

ಈಗ ರೈಡ್. ಮೊದಲ ಹಾಫಲ್ಲಿ ಮೊದಲ ರೈಡ್ ಅವರದ್ದಿತ್ತು, ಈಗ ನಮ್ದು. ಲೋಕೇಶ, ನೀನು ಹೋಗು. ನಿನ್ನ ಕೈ ಉದ್ದ, ಅದೇ ನಮಗೆ ಬೇಕಾಗಿರೋದು. ಮೊದಲನೇ ರೈಡ್ ಸುಮ್ಮನೆ ನೋಡ್ಕೊಂಡು ಬಾ: ಬಾಕ್ ಲೈನ್ ದಾಟು, ಮೂವರು ಹೇಗೆ ನಿಲ್ತಾರೆ ನೋಡು, ವಾಪಸ್ ಬಾ. ಎರಡನೇದರಲ್ಲಿ ಟಚ್ ತೆಗಿ. ಮೂರನೇದಕ್ಕೆ ಬಿಡಬೇಡ, ಆಗ ನಮಗೂ ಡೂ ಆರ್ ಡೈ, ಅವರು ಸೂಪರ್ ಟ್ಯಾಕಲ್‌ಗೆ ಬಾಯಿ ತೆರ್ಕೊಂಡು ಕೂತಿರ್ತಾರೆ. ಟಚ್‌ಗೆ ಹೋಗಬೇಕಾದ್ದು ನಾಲ್ಕನೇ ನಂಬರಿನ ಮೇಲೆ. ಕಾರ್ನರಲ್ಲಿ ಒಬ್ಬನೇ ಇರ್ತಾನೆ, ಪಕ್ಕದಲ್ಲಿ ಕೈ ಹಿಡಿಯೋಕೆ ಯಾರೂ ಇರಲ್ಲ. ಅವನು ಮುಂದಕ್ಕೆ ಬಗ್ತಾನೆ, ತಲೆ ಮೊದಲು ಬರುತ್ತೆ. ಕೈ ಚಾಚಿ ಭುಜ ಮುಟ್ಟು, ಸಾಕು. ಬೆನ್ನು ಮಾತ್ರ ತೋರಿಸಬೇಡ, ಹನ್ನೊಂದನೇ ನಂಬರಿನವನು ಹಿಂದಿಂದ ಸುತ್ತಿ ಬಂದು ದಾರಿ ಕಟ್ತಾನೆ. ಮುಖ ಅವರ ಕಡೆಗೇ ಇಟ್ಕೊಂಡು ಹಿಂದೆ ಹಿಂದೆ ಬಾ.

ಕೋರ್ಟ್ ಬದಲಾಗುತ್ತೆ, ಮರೀಬೇಡಿ. ಬೆಳಿಗ್ಗೆ ಮಳೇಲಿ ನೆನೆದ ಕಡೆ ಈಗ ಅವರದ್ದು. ಸ್ಕೋರರ್ ಟೇಬಲ್ ಹತ್ರದ ಮೂಲೇಲಿ ಮಣ್ಣು ಕಪ್ಪಗೆ ಹೊಳೀತಾ ಇದೆ ನೋಡಿ, ಅಲ್ಲಿ ತಿರುಗೋ ಕಾಲು ಊರಬೇಡಿ, ಜಾರುತ್ತೆ. ಕಿಕ್ ಅಂತೂ ಬೇಡವೇ ಬೇಡ. ಲೋಕೇಶ, ಆ ಕಡೆ ಹೋದ್ರೂ ಚಿಕ್ಕ ಚಿಕ್ಕ ಹೆಜ್ಜೆ. ನಮ್ಮ ಊರ ಮಳೇಲಿ ಆಡಿದವರು ನೀವು, ಅವರಿಗಿಂತ ನಿಮ್ಮ ಕಾಲಿಗೆ ಇದು ಚೆನ್ನಾಗಿ ಗೊತ್ತು.

ಪುನೀತ, ಕಾಲು ತೋರಿಸು. ಊದಿದೆ. ಇಲ್ಲ, ಸುಮ್ಮನಿರು, ನೀನು ಕೂತ್ಕೋ, ಐಸ್ ಇಡ್ತೀನಿ. ಅಭಿ, ನೀನು ಇಳಿ. ಜಾಕೆಟ್ ಬಿಚ್ಚು. ನಿನ್ನ ಕೆಲಸ ಚಿಕ್ಕದು: ನಡುವೆ ನಿಲ್ಲು, ಬಲಗಡೆ ಇರ್ಫಾನ್ ಕೈ ಬಿಡಬೇಡ, ಮೊದಲು ಹಿಡಿಯೋಕೆ ನೀನು ಹೋಗಬೇಡ. ಯಾರಾದ್ರೂ ಹಿಡಿದ ಮೇಲೆ ಹೋಗಿ ಬೀಳು. ನಡುಗ್ತಾ ಇದೀಯಾ? ನಡುಗಲಿ ಬಿಡು, ಒಂದು ರೈಡ್ ಆದ್ರೆ ತಾನೇ ನಿಲ್ಲುತ್ತೆ.

ಲೋನ ಆದ ಮೇಲೆ ಏಳು ಜನ ಬಂದು ನಿಲ್ತಾರೆ, ಆಟ ಬೇರೆ ಆಗುತ್ತೆ. ಆಗ ನಾನು ಟೈಮ್ ಔಟ್ ತಗೋತೀನಿ, ಈ ಹಾಫಿಗೂ ಎರಡಿವೆ. ಅಲ್ಲೀವರೆಗೆ ಯಾರೂ ಬೋರ್ಡ್ ಕಡೆ ತಿರುಗಬೇಡಿ, ಸ್ಕೋರ್ ನಾನು ನೋಡ್ಕೋತೀನಿ. ನೀವು ಚೇತು ಬೆರಳು ನೋಡಿ.

ಸರಿ, ಒಂದ್ಸಲ ಹೇಳಿ. ಮಂಜ, ಯಾವಾಗ ಹೋಗ್ತೀಯ? ಹಾಂ, ಎಡಗಾಲು ಗಾಳೀಲಿದ್ದಾಗ. ಕಿರಣ? ಕೈ ಬಿಟ್ಟ ತಕ್ಷಣ. ಲೋಕೇಶ? ಎರಡನೇ ರೈಡಲ್ಲಿ, ನಾಲ್ಕನೇ ನಂಬರ್, ಭುಜ. ಸರಿ.

ವಿಸಲ್ ಆಯ್ತು. ಚೇತು, ಮೊದಲು ಟೇಬಲ್‌ಗೆ ಹೋಗಿ ಪುನೀತನ ಬದಲು ಅಭಿ ಅಂತ ಹೇಳಿ ಬರೆಸು, ನಂಬರ್ ಹನ್ನೆರಡು. ಲೋಕೇಶ, ಉಸಿರು ಎಳ್ಕೊಂಡು ಗೆರೆ ಹತ್ರ ನಿಲ್ಲು. ನಡೀರಿ.