ಚಿನ್ನಿಯ ಜಗಲಿ ದೀಪ

ಹೊನ್ನಾವರದ ಹತ್ತಿರ ಕಾಸರಕೋಡು ಅಂತ ಒಂದು ಊರು. ಅಲ್ಲಿ ಶರಾವತಿ ಹೊಳೆ ಬಂದು ಕಡಲಿಗೆ ಸೇರುತ್ತದೆ. ಆ ಊರಿನ ಕಡಲ ದಂಡೆಯಲ್ಲಿ ಒಂದು ಪುಟ್ಟ ಮನೆ ಇತ್ತು. ಮನೆಯಲ್ಲಿ ಚಿನ್ನಿ ಇದ್ದಳು. ಅಜ್ಜಿ ಇದ್ದಳು. ಅಪ್ಪ ಇದ್ದ. ಜಗಲಿಯಲ್ಲಿ ಒಂದು ಹಳದಿ ಬಲ್ಬು ಇತ್ತು.

ಅಪ್ಪ ರಾತ್ರಿ ಹೊತ್ತು ದೋಣಿ ತಗೊಂಡು ಮೀನು ಹಿಡಿಯಲು ಹೋಗುತ್ತಿದ್ದ. ಅವನು ಹೊರಟ ಕೂಡಲೇ ಚಿನ್ನಿ ಮಣೆಯ ಮೇಲೆ ಹತ್ತುತ್ತಿದ್ದಳು. ಟಕ್! ಸ್ವಿಚ್ ಒತ್ತುತ್ತಿದ್ದಳು. ಹಳದಿ ಬಲ್ಬು ಹೊತ್ತಿಕೊಳ್ಳುತ್ತಿತ್ತು.

"ಅಜ್ಜಿ, ಈ ದೀಪ ಆರಿಸಬೇಡ ಹಾಂ," ಎನ್ನುತ್ತಿದ್ದಳು ಚಿನ್ನಿ. "ಇದು ಅಪ್ಪನಿಗೆ. ಇದನ್ನು ನೋಡಿಕೊಂಡೇ ಅಪ್ಪ ಮನೆಗೆ ಬರೋದು."

"ಆಯ್ತು ಮಗಾ," ಎನ್ನುತ್ತಿದ್ದಳು ಅಜ್ಜಿ.

ಒಂದು ಚಳಿಯ ರಾತ್ರಿ ಅಜ್ಜಿ ಚಿನ್ನಿಯನ್ನು ಮೆಲ್ಲಗೆ ಎಬ್ಬಿಸಿದಳು.

"ಶ್! ಮಾತಾಡಬೇಡ. ಬಾ, ಒಂದು ತೋರಿಸ್ತೇನೆ."

ಇಬ್ಬರೂ ಹಿತ್ತಲು ದಾಟಿದರು. ಗಾಳಿ ಮರಗಳ ನಡುವೆ ಹೋದರು. ಅಜ್ಜಿ ಒಂದು ಮರದ ಹಿಂದೆ ಕೂತಳು. ಚಿನ್ನಿ ಅಜ್ಜಿಯ ಸೆರಗಿನೊಳಗೆ ಕೂತಳು.

ಮರಳಿನ ಮೇಲೆ ಒಂದು ಕಡಲಾಮೆ ಇತ್ತು. ಅದರ ಬೆನ್ನು ಎಷ್ಟು ದೊಡ್ಡದಿತ್ತು ಗೊತ್ತಾ? ಮದುವೆ ಮನೆಯ ಹರಿವಾಣದಷ್ಟು! ಅದು ಹಿಂಗಾಲಿನಿಂದ ಮರಳು ತೋಡಿತು. ಸ್ವಲ್ಪ ತೋಡಿತು. ಸುಸ್ತಾಗಿ ಉಸ್ಸ್ ಅಂದಿತು. ಮತ್ತೆ ಸ್ವಲ್ಪ ತೋಡಿತು.

ಆಮೇಲೆ ಗುಂಡಿಯೊಳಗೆ ಮೊಟ್ಟೆ ಇಟ್ಟಿತು. ಪುಳಕ್. ಪುಳಕ್. ಮೊಟ್ಟೆಗಳು ಬೆಳ್ಳಗಿದ್ದವು. ಉರುಟಾಗಿದ್ದವು. ಆಟದ ಸಣ್ಣ ಚೆಂಡಿನ ಹಾಗೆ ಇದ್ದವು. ಅಜ್ಜಿ ಎಣಿಸಲು ನೋಡಿದಳು. ಅರವತ್ತರ ಹತ್ತಿರ ಅಜ್ಜಿಗೆ ಲೆಕ್ಕ ತಪ್ಪಿತು. ಆಮೆ ಮಾತ್ರ ಇಡುತ್ತಲೇ ಇತ್ತು.

ಕೊನೆಗೆ ಆಮೆ ಗುಂಡಿ ಮುಚ್ಚಿತು. ಅದರ ಮೇಲೆ ಧಪ್ ಧಪ್ ಅಂತ ಮೈ ಬಡಿದು ಮರಳನ್ನು ಗಟ್ಟಿ ಮಾಡಿತು. ಆಮೇಲೆ ನಿಧಾನವಾಗಿ ಕಡಲಿಗೆ ಹೊರಟಿತು. ಅದು ಹೋದ ದಾರಿಯಲ್ಲಿ ಟ್ರ್ಯಾಕ್ಟರ್ ಹೋದ ಹಾಗೆ ಗುರುತು ಬಿತ್ತು.

"ಅಜ್ಜಿ, ಅಮ್ಮ ಆಮೆ ಮತ್ತೆ ಯಾವಾಗ ಬರ್ತದೆ?"

"ಈ ಮರಿಗಳಿಗೋಸ್ಕರ ಬರೋದಿಲ್ಲ ಮಗಾ. ಮರಳು ಬೆಚ್ಚಗೆ ಇಡ್ತದೆ. ಮರಿ ತಾವೇ ಹೊರಗೆ ಬರ್ತವೆ."

ಚಿನ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದರೆ ನಾನು ನೋಡ್ಕೊಳ್ತೇನೆ," ಎಂದಳು.

ಬೆಳಿಗ್ಗೆ ಅರಣ್ಯ ಇಲಾಖೆಯ ಅಣ್ಣ ಬಂದ. ಗೂಡಿನ ಸುತ್ತ ಕೋಲು ನೆಟ್ಟ. ಬಲೆ ಕಟ್ಟಿದ. ನಾಯಿ ಬರದ ಹಾಗೆ ಬೇಲಿ ಮಾಡಿದ.

"ಮರಿ ನಾಳೆ ಬರ್ತಾವಾ?" ಚಿನ್ನಿ ಕೇಳಿದಳು.

"ನಾಳೆ ಇಲ್ಲ ಪುಟ್ಟಿ. 50 ದಿನ ಆಗ್ಬಹುದು. ಸ್ವಲ್ಪ ಹೆಚ್ಚು ಕಡಿಮೆ."

50 ದಿನ! ಚಿನ್ನಿಗೆ 20ರವರೆಗೆ ಮಾತ್ರ ಎಣಿಸಲು ಬರುತ್ತಿತ್ತು. ಅಜ್ಜಿ ಅವಳಿಗೆ ಒಂದು ತೆಂಗಿನ ಗೆರಟೆ ಕೊಟ್ಟಳು. ಚಿನ್ನಿ ದಿನಾ ಬೆಳಿಗ್ಗೆ ಕಡಲ ದಂಡೆಯಿಂದ ಒಂದು ಚಿಪ್ಪಿ ಹೆಕ್ಕಿದಳು. ಗೆರಟೆಗೆ ಹಾಕಿದಳು. ಟಿಣ್.

ಒಂದು ಚಿಪ್ಪಿ. ಎರಡು ಚಿಪ್ಪಿ. ಮೂರು ಚಿಪ್ಪಿ.

ಒಂದು ಗೆರಟೆ ತುಂಬಿತು. ಅಜ್ಜಿ ಇನ್ನೊಂದು ಕೊಟ್ಟಳು. ಅದೂ ತುಂಬುತ್ತಾ ಬಂತು. ಚಳಿ ಕಡಿಮೆಯಾಯಿತು. ಹಿತ್ತಲಿನ ಮಾವಿನ ಮರದಲ್ಲಿ ಸಣ್ಣ ಸಣ್ಣ ಮಿಡಿ ಬಿಟ್ಟಿತು.

ಒಂದು ದಿನ ಸಂಜೆ ಅಣ್ಣ ಗೂಡಿನ ಹತ್ತಿರ ಬಗ್ಗಿ ನೋಡಿದ. ಮರಳು ನಡುವೆ ಸ್ವಲ್ಪ ಕುಸಿದಿತ್ತು. ಗೂಡಿನ ಮೇಲೆ ಬಟ್ಟಲಿನ ಹಾಗೆ ಒಂದು ತಗ್ಗು ಆಗಿತ್ತು.

"ಒಳಗೆ ಮರಿಗಳು ಮೇಲೆ ಹತ್ತುತ್ತಾ ಇವೆ. ಇವತ್ತು ರಾತ್ರಿ ಬರಬಹುದು," ಎಂದ ಅಣ್ಣ. ಅವನು ಬಲೆ ಬಿಚ್ಚಿದ. ತನ್ನ ಟಾರ್ಚಿಗೆ ಕೆಂಪು ಕಾಗದ ಸುತ್ತಿದ. ಆಮೇಲೆ ಚಿನ್ನಿಯ ಮನೆಯ ಕಡೆ ನೋಡಿದ.

"ಪುಟ್ಟಿ, ಇವತ್ತು ಜಗಲಿ ದೀಪ ಆರಿಸ್ತೀಯಾ?"

"ಇಲ್ಲ!" ಎಂದಳು ಚಿನ್ನಿ. "ಅದು ಅಪ್ಪನ ದೀಪ. ಆರಿಸಿದರೆ ಅಪ್ಪ ಹೇಗೆ ಬರ್ತಾನೆ?"

ಅಣ್ಣ ಅಜ್ಜಿಯ ಮುಖ ನೋಡಿದ. ಅಜ್ಜಿ ಅಣ್ಣನ ಮುಖ ನೋಡಿದಳು.

"ಇರಲಿ ತಮ್ಮಾ. ಸ್ವಲ್ಪ ಹೊತ್ತು ನೋಡುವಾ," ಎಂದಳು ಅಜ್ಜಿ.

ರಾತ್ರಿಯಾಯಿತು. ಅಪ್ಪ ದೋಣಿ ತಗೊಂಡು ಹೋದ. ಚಿನ್ನಿ ಮಣೆ ಹತ್ತಿದಳು. ಟಕ್! ಹಳದಿ ದೀಪ ಹೊತ್ತಿತು.

ಆ ರಾತ್ರಿ ಚಂದ್ರ ಇರಲಿಲ್ಲ. ಆಕಾಶದ ತುಂಬ ಚುಕ್ಕಿಗಳಿದ್ದವು. ಅಜ್ಜಿ ಮತ್ತು ಅಣ್ಣ ಗೂಡಿನ ಹತ್ತಿರ ಕೂತರು. ಚಿನ್ನಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಗಾಳಿ ಮರಗಳು ಸೊಂಯ್ ಸೊಂಯ್ ಅಂದವು. ಕಡಲು ಭೋ ಅಂತ ಉಸಿರಾಡಿತು.

ಆಗ ಮರಳು ಅಲ್ಲಾಡಿತು.

ಒಂದು ಪುಟ್ಟ ಕಪ್ಪು ಮೂಗು ಹೊರಗೆ ಬಂತು. ಆಮೇಲೆ ಒಂದು ಪುಟ್ಟ ಕೈ ಬಂತು. ಆಮೇಲೆ ಒಂದು ಪೂರ್ತಿ ಮರಿ ಬಂತು. ಅದು ಬೆಂಕಿಪೊಟ್ಟಣದಷ್ಟೇ ಇತ್ತು! ಅದರ ಹಿಂದೆ ಇನ್ನೊಂದು ಬಂತು. ಇನ್ನೊಂದು ಬಂತು. ಅನ್ನ ಉಕ್ಕಿದ ಹಾಗೆ ಮರಿಗಳು ಉಕ್ಕಿ ಬಂದವು.

ಮೊದಲ ಮರಿ ನಿಂತಿತು. ಆ ಕಡೆ ನೋಡಿತು. ಈ ಕಡೆ ನೋಡಿತು. ಆಮೇಲೆ ಸರಸರ ಹೊರಟಿತು.

ಆದರೆ ಅದು ಕಡಲಿಗೆ ಹೋಗಲಿಲ್ಲ. ಮನೆಯ ಕಡೆ ಬಂತು! ಅದರ ಹಿಂದೆ ಎರಡು ಮರಿ ಬಂದವು. ಮೂರು ಮರಿ ಬಂದವು.

"ಅಲ್ಲಲ್ಲ! ಆ ಕಡೆ! ಕಡಲು ಆ ಕಡೆ ಇದೆ!" ಎಂದಳು ಚಿನ್ನಿ.

ಮರಿಗೆ ಕನ್ನಡ ಬರುತ್ತಿರಲಿಲ್ಲ. ಅದು ಸೀದಾ ಮೆಟ್ಟಿಲಿಗೇ ಬಂತು. ಮೂಗು ಮೇಲೆತ್ತಿತು. ಹಳದಿ ಬಲ್ಬನ್ನು ನೋಡಿತು.

ಅಜ್ಜಿ ಮೆಲ್ಲಗೆ ಬಂದು ಚಿನ್ನಿಯ ಪಕ್ಕ ಕೂತಳು.

"ರಾತ್ರಿ ಕಾಡು ಕಪ್ಪಗೆ ಇರ್ತದೆ ಮಗಾ. ಕಡಲು ಸ್ವಲ್ಪ ಬೆಳ್ಳಗೆ ಕಾಣ್ತದೆ. ಮರಿಗೆ ಅಷ್ಟೇ ಗೊತ್ತು. ಬೆಳಕು ಎಲ್ಲಿದೆಯೋ ಅಲ್ಲಿ ಕಡಲು ಇದೆ ಅಂತ."

"ಹಾಗಾದರೆ ಅದು ನಮ್ಮ ಬಲ್ಬನ್ನು ಕಡಲು ಅಂದ್ಕೊಂಡಿದ್ಯಾ?"

"ಹೌದು ಮತ್ತೆ."

ಚಿನ್ನಿ ಮರಿಯನ್ನು ನೋಡಿದಳು. ಬಲ್ಬನ್ನು ನೋಡಿದಳು. ದೂರದ ಕಪ್ಪು ಕಡಲನ್ನೂ ನೋಡಿದಳು. ಅಲ್ಲಿ ಎಲ್ಲೋ ಅಪ್ಪನ ದೋಣಿ ಇತ್ತು. ಚಿನ್ನಿಯ ಗಂಟಲು ಕಟ್ಟಿತು.

ಅವಳು ಎದ್ದಳು. ಮಣೆ ಎಳೆದಳು. ಮಣೆ ಹತ್ತಿದಳು.

"ಅಪ್ಪಾ, ಸ್ವಲ್ಪ ಹೊತ್ತು ಅಷ್ಟೇ," ಎಂದಳು.

ಟಕ್.

ಎಲ್ಲ ಕತ್ತಲೆಯಾಯಿತು. ಮೊದಲು ಚಿನ್ನಿಗೆ ಏನೂ ಕಾಣಲಿಲ್ಲ. ಅಜ್ಜಿಯ ಕೈ ಮಾತ್ರ ಸಿಕ್ಕಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದಳು.

ಆಮೇಲೆ ಚುಕ್ಕಿಗಳು ಕಂಡವು. ಆಮೇಲೆ ಗಾಳಿ ಮರಗಳು ಕಂಡವು. ಆಮೇಲೆ ದೂರದಲ್ಲಿ ಕಡಲು ಕಂಡಿತು. ಹೌದು, ಕಡಲು ಸ್ವಲ್ಪ ಬೆಳ್ಳಗೇ ಇತ್ತು!

ಮೆಟ್ಟಿಲ ಹತ್ತಿರದ ಮರಿ ಸುಮ್ಮನೆ ನಿಂತಿತ್ತು. ಅದೂ ಕಣ್ಣು ಬಿಟ್ಟು ನೋಡುತ್ತಿತ್ತೋ ಏನೋ. ಆಮೇಲೆ ಅದು ಮೆಲ್ಲಗೆ ತಿರುಗಿತು. ಸರಸರ. ಸರಸರ. ಬಂದ ದಾರಿಯಲ್ಲೇ ವಾಪಸ್ಸು ಹೊರಟಿತು.

"ಎತ್ತಿಕೊಂಡು ಹೋಗಿ ನೀರಿಗೆ ಬಿಡಲಾ?" ಚಿನ್ನಿ ಪಿಸುಗುಟ್ಟಿದಳು.

"ಬೇಡ," ಎಂದ ಅಣ್ಣ. "ಅದೇ ನಡೀಲಿ. ನಾವು ನಾಯಿಯನ್ನೂ ಏಡಿಯನ್ನೂ ನೋಡ್ಕೊಂಡರೆ ಸಾಕು."

ಚಿನ್ನಿ ಮರಿಯ ಹಿಂದೆ ಹೋದಳು. ಅದು ಒಂದು ಹೆಜ್ಜೆ ಗುರುತಿನೊಳಗೆ ಬಿತ್ತು. ಅಲ್ಲಿಂದ ಹತ್ತಿ ಬಂತು. ಒಂದು ತೆಂಗಿನ ಸಿಪ್ಪೆಯನ್ನು ಸುತ್ತಿ ಹೋಯಿತು. ಕೊನೆಗೆ ಒದ್ದೆ ಮರಳು ಬಂತು. ಒಂದು ತೆರೆ ಬಂತು. ಮರಿಯನ್ನು ಹಿಂದಕ್ಕೆ ತಳ್ಳಿತು. ಮರಿ ಮತ್ತೆ ಹೋಯಿತು. ಇನ್ನೊಂದು ತೆರೆ ಬಂತು. ಈ ಸಲ ತೆರೆ ವಾಪಸ್ಸು ಹೋದಾಗ ಮರಿ ಅಲ್ಲಿರಲಿಲ್ಲ.

ಚಿನ್ನಿ ಉಳಿದ ಮರಿಗಳನ್ನು ಎಣಿಸಿದಳು. 20ರವರೆಗೆ ಎಣಿಸಿದಳು. ಮತ್ತೆ ಒಂದರಿಂದ ಶುರು ಮಾಡಿದಳು. ಹೀಗೆ ನಾಲ್ಕು ಸಲ ಎಣಿಸಿದಳು. ಆಮೇಲೆ ಅಜ್ಜಿಯ ಮಡಿಲಲ್ಲಿ ಅವಳಿಗೆ ನಿದ್ದೆ ಬಂತು. ದೀಪ ಮತ್ತೆ ಹಾಕಲು ಮರೆತೇ ಹೋಯಿತು.

ಬೆಳಿಗ್ಗೆ ಚಿನ್ನಿ ದಡಕ್ಕನೆ ಎದ್ದಳು. ಜಗಲಿಗೆ ಓಡಿದಳು. ಬಲ್ಬು ಆರಿಯೇ ಇತ್ತು!

"ಅಜ್ಜಿ! ಅಪ್ಪ ಎಲ್ಲಿ?"

ಅಪ್ಪ ಅಂಗಳದಲ್ಲೇ ಕೂತಿದ್ದ. ಗಂಜಿ ಕುಡಿಯುತ್ತಿದ್ದ. ಪಕ್ಕದ ಬುಟ್ಟಿಯ ತುಂಬ ಬಂಗುಡೆ ಇತ್ತು.

ಚಿನ್ನಿ ಓಡಿ ಹೋಗಿ ಅಪ್ಪನ ಕುತ್ತಿಗೆಗೆ ಜೋತು ಬಿದ್ದಳು. ಗಂಜಿ ಸ್ವಲ್ಪ ಚೆಲ್ಲಿತು.

"ದೀಪ ಇರಲಿಲ್ಲ. ನೀನು ಹೇಗೆ ಬಂದೆ?"

"ಚುಕ್ಕಿ ನೋಡ್ಕೊಂಡು ಬಂದೆ," ಎಂದ ಅಪ್ಪ. "ಆಮೇಲೆ ಗಾಳಿ ಮರದ ಸದ್ದು ಕೇಳಿತು. ಆಮೇಲೆ ಅಜ್ಜಿಯ ಒಲೆ ಹೊಗೆ ಮೂಗಿಗೆ ಬಡೀತು."

"ಮತ್ತೆ ನನ್ನ ಬಲ್ಬು?"

ಅಪ್ಪ ನಕ್ಕ. "ಅದು ಕಾಣೋದು ದಡಕ್ಕೆ ಬಂದ ಮೇಲೇ! ಆದರೂ ಅದನ್ನು ಕಂಡಾಗ ನಂಗೆ ಖುಷಿಯಾಗ್ತದೆ."

ಚಿನ್ನಿ ಯೋಚನೆ ಮಾಡಿದಳು.

"ಅಪ್ಪಾ, ದಾರಿಯಲ್ಲಿ ನಮ್ಮ ಮರಿ ಸಿಕ್ಕಿತಾ?"

"ದೋಣಿ ಪಕ್ಕ ಏನೋ ಒಂದು ಪುಟ್ಟ ತಲೆ ಎತ್ತಿತು. ಬೆಂಕಿಪೊಟ್ಟಣದಷ್ಟು ಇತ್ತು. ಜೋರಾಗಿ ಈಜ್ತಾ ಇತ್ತು. ನಂಗೆ ದಾರಿ ಬಿಡು ಅಂದ ಹಾಗೆ ಕಂಡಿತು. ನಾನು ದಾರಿ ಬಿಟ್ಟೆ."

ಆ ದಿನ ರಾತ್ರಿ ಅಪ್ಪ ದೋಣಿ ತಗೊಂಡು ಹೋಗಲಿಲ್ಲ. ಅಪ್ಪ, ಅಜ್ಜಿ, ಚಿನ್ನಿ ಮೂವರೂ ಚಾಪೆ ಹಾಸಿ ಮಲಗಿದರು. ಜಗಲಿಯಲ್ಲಿ ಕತ್ತಲೆ ಇತ್ತು. ಗೂಡಿನೊಳಗೆ ಇನ್ನೂ ಒಂದೆರಡು ಸೋಮಾರಿ ಮರಿಗಳು ಉಳಿದಿರಬಹುದು ಅಂತ ಅಣ್ಣ ಹೇಳಿದ್ದ.

"ಅಪ್ಪಾ, ಮರಿಗಳು ಈಗ ಏನು ಮಾಡ್ತಾ ಇವೆ?"

"ಈಜ್ತಾ ಇವೆ."

"ಇನ್ನೂನಾ?"

"ಇನ್ನೂ."

ಕಡಲು ಭೋ ಅಂದಿತು. ಗಾಳಿ ಮರಗಳು ಸೊಂಯ್ ಅಂದವು. ಚಿನ್ನಿ ಕಣ್ಣು ಮುಚ್ಚಿದಳು. ಮೆಲ್ಲಗೆ ಎಣಿಸಿದಳು.

ಒಂದು ಮರಿ.

ಎರಡು ಮರಿ.

ಮೂರು ಮರಿ.

ನಾಲ್ಕು…

ಹದಿನಾಲ್ಕಕ್ಕೆ ಚಿನ್ನಿಗೆ ನಿದ್ದೆ ಬಂತು. ಹದಿನೈದನ್ನು ಅಪ್ಪ ಎಣಿಸಿದ.